ಹಳಿ ಒಂದೇ, ದೂರ ಒಂದೇ, ಟಿಕೆಟ್ ದರ ಮಾತ್ರ ಬೇರೆ: ಯಾಕೆ?

ಪ್ರಶ್ನೆ: ಸರ್, ನಾನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಆಗಾಗ ಹೋಗಿಬರ್ತೀನಿ. ಒಮ್ಮೆ ರಾಣಿ ಚೆನ್ನಮ್ಮದಲ್ಲಿ, ಒಮ್ಮೆ ಬೆಳಗಾವಿ ಸೂಪರ್‌ಫಾಸ್ಟ್‌ನಲ್ಲಿ. ದಾರಿ ಅದೇ, ಬೋಗಿ ಅದೇ, ಆದ್ರೂ ದರ ಬೇರೆ. ಸ್ಲೀಪರ್‌ನಲ್ಲಿ ಒಂದು ವ್ಯತ್ಯಾಸ, ಎಸಿಯಲ್ಲಿ ಇನ್ನೊಂದು. ಮೈಸೂರು ಅಷ್ಟು ಹತ್ತಿರ ಇದ್ರೂ ಥರ್ಡ್ ಎಸಿ ದರ ದೂರಕ್ಕೆ ತಕ್ಕಷ್ಟು ಇಳಿಯೋದೇ ಇಲ್ಲ. ಈ ದರ ಹೇಗೆ ಕಟ್ಟುತ್ತಾರೆ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಟಿಕೆಟ್ ದರದಲ್ಲಿ ದೂರದ ಜೊತೆ ಏರುವ ಭಾಗ ಒಂದೇ ಒಂದು. ಅದಕ್ಕೆ ಮೂಲ ದರ ಎನ್ನುತ್ತಾರೆ. ಮಿಕ್ಕ ರಿಸರ್ವೇಶನ್ ಚಾರ್ಜ್ ಮತ್ತು ಸೂಪರ್‌ಫಾಸ್ಟ್ ಚಾರ್ಜ್ ಎರಡೂ ತರಗತಿಗೆ ಇಷ್ಟು ಎಂದು ಕಟ್ಟಿಟ್ಟ ಮೊತ್ತ. ನೀವು ತುಮಕೂರಿನಲ್ಲಿ ಇಳಿಯಿರಿ, ದೆಹಲಿವರೆಗೆ ಹೋಗಿ, ಅವು ಬದಲಾಗುವುದಿಲ್ಲ. ಇವೆಲ್ಲ ಕೂಡಿದ ಮೇಲೆ, ಎಸಿ ಆಗಿದ್ದರೆ ಶೇ 5 ಜಿಎಸ್‌ಟಿ. ಕೊನೆಗೆ ಬಂದ ಮೊತ್ತವನ್ನು 5 ರೂಪಾಯಿಯ ಲೆಕ್ಕಕ್ಕೆ ಹೊಂದಿಸುತ್ತಾರೆ. ಅದಕ್ಕೇ ರಿಸರ್ವೇಶನ್ ಟಿಕೆಟ್‌ನ ದರ ಸಾಮಾನ್ಯವಾಗಿ 0 ಅಥವಾ 5ರಲ್ಲಿ ಮುಗಿಯುತ್ತದೆ.

ಬರೆದು ನೋಡಿದರೆ ಹೀಗೆ:

```
ಸ್ಲೀಪರ್  = ಮೂಲ ದರ + ರಿಸರ್ವೇಶನ್ + ಸೂಪರ್‌ಫಾಸ್ಟ್
ಎಸಿ      = (ಮೂಲ ದರ + ರಿಸರ್ವೇಶನ್ + ಸೂಪರ್‌ಫಾಸ್ಟ್) × 1.05
```

ಕಟ್ಟಿಟ್ಟ ಮೊತ್ತಗಳನ್ನು ಮೊದಲು ಮುಗಿಸಿಬಿಡೋಣ. ರಿಸರ್ವೇಶನ್ ಚಾರ್ಜ್ ಸೆಕೆಂಡ್ ಸಿಟ್ಟಿಂಗ್‌ಗೆ 15 ರೂಪಾಯಿ, ಸ್ಲೀಪರ್‌ಗೆ 20, ಚೇರ್ ಕಾರ್ ಮತ್ತು ಥರ್ಡ್ ಎಸಿಗೆ 40, ಸೆಕೆಂಡ್ ಎಸಿಗೆ 50, ಫಸ್ಟ್ ಎಸಿಗೆ 60. ಸೂಪರ್‌ಫಾಸ್ಟ್ ಚಾರ್ಜ್ ಸೆಕೆಂಡ್ ಕ್ಲಾಸ್‌ಗೆ 15, ಸ್ಲೀಪರ್‌ಗೆ 30. ಚೇರ್ ಕಾರ್, ಥರ್ಡ್ ಎಸಿ, ಸೆಕೆಂಡ್ ಎಸಿ ಮೂರಕ್ಕೂ 45, ಫಸ್ಟ್ ಎಸಿಗೆ 75. ಇವು ತಲೆಗೆ ಇಷ್ಟು ಎಂಬ ಲೆಕ್ಕ. ನಾಲ್ಕು ಜನ ಒಂದೇ ಟಿಕೆಟ್‌ನಲ್ಲಿದ್ದರೆ ನಾಲ್ಕು ಸಲ ಕೂಡುತ್ತವೆ. 2013ರ ಏಪ್ರಿಲ್‌ನಲ್ಲಿ ಇವನ್ನು ಪರಿಷ್ಕರಿಸಿದರು. ಆಮೇಲೆ ದರ ಏರಿದಾಗಲೆಲ್ಲ ರೈಲ್ವೆ ಕೈ ಹಾಕಿದ್ದು ಮೂಲ ದರಕ್ಕೆ.

ಈಗ ನಿಮ್ಮ ಹುಬ್ಬಳ್ಳಿ ಟಿಕೆಟ್. ಕೆಎಸ್‌ಆರ್ ಬೆಂಗಳೂರಿನಿಂದ ಹುಬ್ಬಳ್ಳಿಗೆ 469 ಕಿ.ಮೀ. ಮೂಲ ದರ ಆಗಾಗ ಪರಿಷ್ಕರಣೆ ಆಗುವುದರಿಂದ, ಲೆಕ್ಕ ತೋರಿಸುವುದಕ್ಕೆ ನಾನೇ ಒಂದು ಅಂಕಿ ಹಿಡಿಯುತ್ತೇನೆ. ಥರ್ಡ್ ಎಸಿ ಮೂಲ ದರ 715, ಸ್ಲೀಪರ್ ಮೂಲ ದರ 270 ಎಂದಿಟ್ಟುಕೊಳ್ಳಿ. ನೀವು ಬುಕ್ ಮಾಡುವ ದಿನ ಪರದೆಯ ಮೇಲೆ ಬೇರೆ ಅಂಕಿ ಕಾಣಬಹುದು, ಆದರೆ ಕೂಡುವ ರೀತಿ ಇದೇ.

ರಾಣಿ ಚೆನ್ನಮ್ಮದ ನಂಬರ್ 16589. ಅದು ಬರೀ ಎಕ್ಸ್‌ಪ್ರೆಸ್. ಸ್ಲೀಪರ್‌ನಲ್ಲಿ 270ಕ್ಕೆ ರಿಸರ್ವೇಶನ್ 20 ಸೇರಿ 290. ಅಷ್ಟೇ, ತೆರಿಗೆ ಇಲ್ಲ. ಥರ್ಡ್ ಎಸಿಯಲ್ಲಿ 715ಕ್ಕೆ 40 ಸೇರಿ 755. ಅದರ ಮೇಲೆ ಶೇ 5 ಹಾಕಿದರೆ 792 ರೂಪಾಯಿ 75 ಪೈಸೆ. ಹೊಂದಿಸಿದರೆ 795.

ಬೆಳಗಾವಿ ಸೂಪರ್‌ಫಾಸ್ಟ್ ನಂಬರ್ 20653. ಸ್ಲೀಪರ್‌ನಲ್ಲಿ 270, 20, ಜೊತೆಗೆ ಸೂಪರ್‌ಫಾಸ್ಟ್ 30. ಒಟ್ಟು 320. ಥರ್ಡ್ ಎಸಿಯಲ್ಲಿ 715, 40, 45 ಕೂಡಿ ಸರಿಯಾಗಿ 800. ಶೇ 5 ಸೇರಿ 840.

ಸ್ಲೀಪರ್‌ನಲ್ಲಿ ವ್ಯತ್ಯಾಸ 30, ಎಸಿಯಲ್ಲಿ 45. ಎರಡು ಗಾಡಿಯ ಮೂಲ ದರದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇಲ್ಲ, ನೋಡಿ. ಎಕ್ಸ್‌ಪ್ರೆಸ್ಸಿಗೂ ಸೂಪರ್‌ಫಾಸ್ಟಿಗೂ ಒಂದೇ ದರಪಟ್ಟಿ. ನಿಜವಾಗಿ ಎಸಿಯಲ್ಲಿ ಸೂಪರ್‌ಫಾಸ್ಟ್‌ನ ಭಾರ 47 ರೂಪಾಯಿ 25 ಪೈಸೆ, ಯಾಕೆಂದರೆ ಆ 45ರ ಮೇಲೂ ಜಿಎಸ್‌ಟಿ ಬೀಳುತ್ತದೆ. ಈ ಉದಾಹರಣೆಯಲ್ಲಿ ಚಿಲ್ಲರೆ ಹೊಂದಿಸುವಾಗ ಅದು ಮುಚ್ಚಿಹೋಯಿತು. ಇನ್ನೊಂದು ದೂರಕ್ಕೆ ಲೆಕ್ಕ ಹಾಕಿದರೆ ಅದೇ ವ್ಯತ್ಯಾಸ 50 ಎಂದು ಕಾಣಬಹುದು. "ನಿನ್ನೆ 45 ಇತ್ತು, ಇವತ್ತು 50 ಯಾಕೆ" ಎಂದು ಕೌಂಟರ್‌ನಲ್ಲಿ ಜಗಳ ಆಗುವುದು ಇಂಥ ಕಡೆಯೇ.

ಗಾಡಿ ಸೂಪರ್‌ಫಾಸ್ಟ್ ಹೌದೋ ಅಲ್ಲವೋ ಎಂದು ನಂಬರ್ ನೋಡಿಯೇ ಹೇಳಬಹುದು. ದೂರದ ಗಾಡಿಗಳಲ್ಲಿ 12, 20, 22ರಿಂದ ಶುರುವಾಗುವ ಐದಂಕಿಯ ನಂಬರ್ ಇದ್ದರೆ ಸೂಪರ್‌ಫಾಸ್ಟ್. 16, 17ರಿಂದ ಶುರುವಾದರೆ ಎಕ್ಸ್‌ಪ್ರೆಸ್. ಹುಬ್ಬಳ್ಳಿ ಕಡೆಯ ಜನಶತಾಬ್ದಿ 12079, ನಮ್ಮ ಹಂಪಿ ಎಕ್ಸ್‌ಪ್ರೆಸ್ 16591.

ಈ ಪಟ್ಟ ಕೊಡುವುದಕ್ಕೆ ಒಂದು ನಿಯಮ ಇದೆ. ಬ್ರಾಡ್‌ಗೇಜ್‌ನಲ್ಲಿ ಹೋಗುವಾಗಲೂ ಬರುವಾಗಲೂ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಆದರೂ ಇರಬೇಕು. ಇದು ವೇಳಾಪಟ್ಟಿಯ ಮೇಲಿನ ವೇಗ. ಆ ದಿನ ಗಾಡಿ ನಿಜಕ್ಕೂ ಎಷ್ಟು ವೇಗದಲ್ಲಿ ಓಡಿತು ಎಂಬುದಕ್ಕೂ ಈ ಚಾರ್ಜಿಗೂ ಸಂಬಂಧವಿಲ್ಲ. ಗಾಡಿ ತಡವಾದರೆ ಸೂಪರ್‌ಫಾಸ್ಟ್ ಚಾರ್ಜ್ ಮಾತ್ರ ವಾಪಸ್ ಕೊಡುವ ನಿಯಮ ಇಲ್ಲ. 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೂಡ ಇದನ್ನೇ ಎತ್ತಿ ಆಡಿತ್ತು. ವೇಗ ಇಲ್ಲದಿದ್ದರೂ ವೇಗದ ಹೆಸರಲ್ಲಿ ದುಡ್ಡು ತೆಗೆದುಕೊಂಡಿದ್ದಾರೆ ಎಂಬ ಆಕ್ಷೇಪ ಅದು. ನನ್ನ ಅಭಿಪ್ರಾಯವೂ ಅದೇ. ಕೊಡದ ಸೇವೆಗೆ ಚಾರ್ಜ್ ಇಟ್ಟುಕೊಳ್ಳುವುದು ಸರಿಯಲ್ಲ. ಗಾಡಿ ನೀವು ಹತ್ತುವ ನಿಲ್ದಾಣಕ್ಕೆ 3 ಗಂಟೆಗಿಂತ ಜಾಸ್ತಿ ತಡ ಎಂದಾಗ, ನೀವು ಪ್ರಯಾಣವನ್ನೇ ಬಿಟ್ಟು ಗಾಡಿ ಹೊರಡುವ ಮೊದಲೇ ಟಿಡಿಆರ್ ಎಂಬ ದುಡ್ಡು ವಾಪಸಿನ ಅರ್ಜಿ ಹಾಕಿದರೆ ಪೂರ್ತಿ ದರ ಬರುತ್ತದೆ. ಹತ್ತಿ ಕೂತಿರೋ, ಮುಗೀತು.

ಜನರಲ್ ಬೋಗಿಯಲ್ಲಿ ಹೋಗುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎಕ್ಸ್‌ಪ್ರೆಸ್‌ಗೆ ತೆಗೆದ ಜನರಲ್ ಟಿಕೆಟ್ ಹಿಡಿದು, ಮೊದಲು ಬಂದ ಗಾಡಿ ಎಂದು 20653 ಹತ್ತಿದರೆ ಆ 15 ರೂಪಾಯಿ ಕಟ್ಟಿರುವುದಿಲ್ಲ. ಟಿಟಿಇ ಕೇಳುವುದು 15 ಮಾತ್ರ ಅಲ್ಲ, ದಂಡವೂ ಸೇರುತ್ತದೆ. ಯಾವ ಗಾಡಿ ಸಿಗುತ್ತದೋ ಗೊತ್ತಿಲ್ಲ ಎನ್ನುವವರು ಟಿಕೆಟ್ ತೆಗೆಯುವಾಗಲೇ ಸೂಪರ್‌ಫಾಸ್ಟ್ ಎಂದು ಕೇಳಿಬಿಡುವುದು ವಾಸಿ. ಆ ಟಿಕೆಟ್‌ನಲ್ಲಿ ಎಕ್ಸ್‌ಪ್ರೆಸ್ ಹತ್ತಲು ತೊಂದರೆ ಇಲ್ಲ.

ಇನ್ನು ಮೂಲ ದರಕ್ಕೆ ಬರೋಣ. ಮೈಸೂರಿನ ಒಗಟು ಇರುವುದು ಇದರಲ್ಲೇ.

ಕಿ.ಮೀ.ಗೆ ಇಷ್ಟು ರೂಪಾಯಿ ಎಂದು ಹಿಡಿದು ದೂರದಿಂದ ಗುಣಿಸುತ್ತಾರೆ ಎಂದು ಸುಮಾರು ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಒಂದೊಂದು ತರಗತಿಗೂ ಒಂದೊಂದು ದರಪಟ್ಟಿ ಇದೆ. ಪಟ್ಟಿಯಲ್ಲಿ ದೂರವನ್ನು ತುಂಡು ತುಂಡು ಮಾಡಿರುತ್ತಾರೆ. 300 ಕಿ.ಮೀ. ತನಕ 5 ಕಿ.ಮೀ.ಗೆ ಒಂದು ತುಂಡು. 301ರಿಂದ 1000ದ ತನಕ 10 ಕಿ.ಮೀ.ಗೆ ಒಂದು. 1001ರಿಂದ 2500ರ ತನಕ 25ಕ್ಕೆ ಒಂದು, ಅದರಾಚೆ 50ಕ್ಕೆ ಒಂದು. ನಿಮ್ಮ ದೂರ ಯಾವ ತುಂಡಿನಲ್ಲಿ ಬೀಳುತ್ತದೋ ಆ ಸಾಲಿನ ದರ.

ಹುಬ್ಬಳ್ಳಿಯ 469 ಬೀಳುವುದು 461ರಿಂದ 470ರ ಸಾಲಿನಲ್ಲಿ. ನೀವು ಕೆಎಸ್‌ಆರ್ ಬಿಟ್ಟು ಯಶವಂತಪುರದಲ್ಲಿ ಹತ್ತಿದರೆ ಐದಾರು ಕಿ.ಮೀ. ಕಮ್ಮಿ ಆಗುತ್ತದೆ, ಅಲ್ವಾ? ಆದರೂ ಅದೇ ಸಾಲು, ಅದೇ ದರ. ಹತ್ತುವ ನಿಲ್ದಾಣ ಬದಲಿಸಿ ದುಡ್ಡು ಉಳಿಸುತ್ತೇನೆ ಎನ್ನುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಧಾರವಾಡ ತನಕ ಎಂದರೆ ಇನ್ನೊಂದು 20 ಕಿ.ಮೀ. ಜಾಸ್ತಿ, ಆಗ ಎರಡು ಸಾಲು ಕೆಳಗೆ ಇಳಿಯುತ್ತೀರಿ, ದರವೂ ಅಷ್ಟು ಏರುತ್ತದೆ.

ಪಟ್ಟಿಯ ಇನ್ನೊಂದು ಗುಣ, ದೂರ ಜಾಸ್ತಿ ಆದಷ್ಟೂ ಕಿ.ಮೀ.ಗೆ ಬೀಳುವ ದರ ಕಮ್ಮಿ ಆಗುತ್ತಾ ಹೋಗುತ್ತದೆ. ಮೊದಲ 100 ಕಿ.ಮೀ.ಗೆ ಕೊಡುವಷ್ಟನ್ನು 900ರಿಂದ 1000ದ ನಡುವಿನ 100 ಕಿ.ಮೀ.ಗೆ ಕೊಡುವುದಿಲ್ಲ. ರೈಲ್ವೆಯವರು ಇದಕ್ಕೆ ಟೆಲಿಸ್ಕೋಪಿಕ್ ದರ ಎನ್ನುತ್ತಾರೆ. ಅರ್ಧ ದೂರಕ್ಕೆ ಅರ್ಧ ದರ ಆಗದೇ ಇರುವುದಕ್ಕೆ ಇದು ಮೊದಲ ಕಾರಣ. ಕಟ್ಟಿಟ್ಟ ಚಾರ್ಜುಗಳು ಎರಡನೇ ಕಾರಣ.

ಮೂರನೆಯದೇ ದೊಡ್ಡದು. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಪ್ರತಿ ತರಗತಿಗೂ ಕನಿಷ್ಠ ದೂರ ಒಂದಿದೆ. ಅದಕ್ಕಿಂತ ಕಮ್ಮಿ ಹೋದರೂ ಅಷ್ಟು ದೂರದ ದುಡ್ಡು ಕೊಡಲೇಬೇಕು. ಸ್ಲೀಪರ್‌ಗೆ ಅದು 200 ಕಿ.ಮೀ., ಥರ್ಡ್ ಎಸಿ ಮತ್ತು ಸೆಕೆಂಡ್ ಎಸಿಗೆ 300, ಚೇರ್ ಕಾರ್‌ಗೆ 150. ಮೇಲ್ ಮತ್ತು ಎಕ್ಸ್‌ಪ್ರೆಸ್‌ನ ಸೆಕೆಂಡ್ ಕ್ಲಾಸ್‌ಗೆ 50.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 139 ಕಿ.ಮೀ. ಥರ್ಡ್ ಎಸಿ ಟಿಕೆಟ್ ತೆಗೆದಿರೋ, ನೀವು ದುಡ್ಡು ಕೊಟ್ಟಿದ್ದು 300 ಕಿ.ಮೀ.ಗೆ. ಅಂದರೆ ಹೋದ ದೂರದ ಎರಡು ಪಟ್ಟಿಗಿಂತ ಜಾಸ್ತಿಗೆ. ಹುಬ್ಬಳ್ಳಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ನಿಜವಾದ ದೂರ ನೋಡಿದರೆ ಮೈಸೂರು ಹುಬ್ಬಳ್ಳಿಯ ಮೂರನೇ ಒಂದು ಭಾಗವೂ ಇಲ್ಲ. ದರಪಟ್ಟಿಯ ಕಣ್ಣಲ್ಲಿ ಮಾತ್ರ ಅದು 469ರ ಎದುರು 300, ಹತ್ತಿರ ಹತ್ತಿರ ಮೂರನೇ ಎರಡು ಭಾಗ. ಅದರ ಮೇಲೆ ರಿಸರ್ವೇಶನ್, ಸೂಪರ್‌ಫಾಸ್ಟ್ ಎರಡೂ ಪೂರ್ತಿ. ದರ ಹೇಗೆ ಇಳಿಯುತ್ತದೆ ಹೇಳಿ?

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಬೆಂಗಳೂರಿನಿಂದ ತುಮಕೂರಿಗೂ ಅರಸೀಕೆರೆಗೂ ಒಂದೇ ಗಾಡಿಯಲ್ಲಿ ಥರ್ಡ್ ಎಸಿ ದರ ಹುಡುಕಿ. ಎರಡೂ ಒಂದೇ ಬರುತ್ತದೆ. ಎರಡೂ 300ರ ಒಳಗೇ ಇವೆಯಲ್ಲ. ಸ್ಲೀಪರ್‌ನಲ್ಲೂ ಹಾಗೇ, ಎರಡೂ 200ರ ಒಳಗೆ. ಹೀಗೆ ಬೇರೆ ಬೇರೆ ಊರಿಗೆ ಒಂದೇ ದರ ಕಂಡರೆ ಕನಿಷ್ಠ ದೂರದ ನಿಯಮ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಮೈಸೂರಿಗೆ ಹಗಲು ಹೋಗುವವರಿಗೆ ಎಸಿಯೇ ಬೇಕೆಂದರೆ ಚೇರ್ ಕಾರ್ ಲೆಕ್ಕ ಸರಿ. ಅಲ್ಲಿ ಹೆಚ್ಚಿಗೆ ಕೊಡುವುದು ಹತ್ತು ಹನ್ನೊಂದು ಕಿ.ಮೀ.ಗೆ ಮಾತ್ರ. ಹಗಲು ಹೊತ್ತಿನಲ್ಲಿ ಮೈಸೂರಿಗೆ ಥರ್ಡ್ ಎಸಿ ತೆಗೆಯುವುದು ಸುಮ್ನೆ ದುಡ್ಡು ದಂಡ ಎಂಬುದು ನನ್ನ ಅನಿಸಿಕೆ.

ಇದೇ ನಿಯಮ ಟಿಕೆಟ್ ತುಂಡು ಮಾಡುವವರ ಜೇಬಿಗೂ ಕತ್ತರಿ ಹಾಕುತ್ತದೆ. ಬೆಳಗಾವಿಗೆ ಹೋಗಬೇಕು, ನೇರ ಟಿಕೆಟ್ ವೇಯ್ಟಿಂಗ್ ಲಿಸ್ಟ್. ಹುಬ್ಬಳ್ಳಿ ತನಕ ಒಂದು, ಅಲ್ಲಿಂದ ಬೆಳಗಾವಿಗೆ ಇನ್ನೊಂದು ಎಂದು ತೆಗೆಯುತ್ತಾರೆ. ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು 610 ಕಿ.ಮೀ. ಹುಬ್ಬಳ್ಳಿಯಿಂದ ಬೆಳಗಾವಿ ತುಂಡು ಸುಮಾರು 140 ಮಾತ್ರ. ಆದರೆ ಥರ್ಡ್ ಎಸಿಯಲ್ಲಿ ಆ 140ಕ್ಕೆ 300 ಕಿ.ಮೀ. ದರ ಬೀಳುತ್ತದೆ. 469 ಮತ್ತು 300 ಕೂಡಿ 769 ಕಿ.ಮೀ.ಗೆ ದುಡ್ಡು ಕೊಟ್ಟ ಹಾಗಾಯಿತು. ದೂರ ಹೋದಂತೆ ದರ ಇಳಿಯುವ ಲಾಭವೂ ಕೈತಪ್ಪಿತು, ಎರಡನೇ ಟಿಕೆಟ್ ಮತ್ತೆ ಮೊದಲ ಕಿ.ಮೀ.ಯಿಂದ ಶುರು ಆಗುತ್ತದಲ್ಲ. ರಿಸರ್ವೇಶನ್ ಮತ್ತು ಸೂಪರ್‌ಫಾಸ್ಟ್ ಸೇರಿದ 85 ರೂಪಾಯಿ ಎರಡು ಸಲ. ಇಷ್ಟೆಲ್ಲದರ ಮೇಲೆ ಜಿಎಸ್‌ಟಿ. ಬೇರೆ ದಾರಿಯೇ ಇಲ್ಲದಾಗ ಮಾಡಿ, ಬೇಡ ಎನ್ನುವುದಿಲ್ಲ. ಆ ಎರಡನೇ ತುಂಡನ್ನು ಸೆಕೆಂಡ್ ಸಿಟ್ಟಿಂಗ್ ಇರುವ ಗಾಡಿಯಲ್ಲೋ ಜನರಲ್‌ನಲ್ಲೋ ಮಾಡಿದರೆ ಹೊರೆ ತುಂಬಾ ಇಳಿಯುತ್ತದೆ, ಅಲ್ಲಿ ಕನಿಷ್ಠ ದೂರ 50 ಮಾತ್ರ.

ದೂರದ ಬಗ್ಗೆ ಹೇಳುವಾಗ ಕರಾವಳಿಯವರಿಗೆ ಒಂದು ಮಾತು ಹೇಳಲೇಬೇಕು. ಟಿಕೆಟ್ ಮೇಲೆ ಅಚ್ಚಾಗುವ ದೂರ ಹಳಿಯ ಅಳತೆಯೇ ಆಗಿರಬೇಕು ಎಂದೇನಿಲ್ಲ. ಅದು ದರ ಹಾಕುವ ದೂರ. ಕೊಂಕಣ ರೈಲ್ವೆಯ ಹಳಿಯಲ್ಲಿ ಪ್ರಯಾಣಿಕರ ದರಕ್ಕೆ ದೂರವನ್ನು ಶೇ 40ರಷ್ಟು ಹಿಗ್ಗಿಸಿ ಹಿಡಿಯುತ್ತಾರೆ. ಸುರಂಗ, ಸೇತುವೆ ಎಂದು ಖರ್ಚಾದ ದುಡ್ಡನ್ನು ಆ ದಾರಿಯಿಂದಲೇ ಎತ್ತುವ ಏರ್ಪಾಡು ಅದು. 100 ಕಿ.ಮೀ. ಹಳಿಗೆ ಪಟ್ಟಿಯಲ್ಲಿ 140ರ ಸಾಲು ನೋಡುತ್ತಾರೆ. ಉಡುಪಿ, ಕುಂದಾಪುರ, ಕಾರವಾರದವರು ಗೂಗಲ್ ಮ್ಯಾಪ್ ನೋಡಿ "ದೂರ ತಪ್ಪು ಹಾಕಿದ್ದಾರೆ" ಎನ್ನುವುದು ಇದಕ್ಕೇ. ತಪ್ಪು ಹಾಕಿಲ್ಲ, ಬೇಕೆಂದೇ ಹಾಗೆ ಹಾಕಿದ್ದಾರೆ. ಸಾಲ ತೀರಿಸುವ ಹೆಸರಿನಲ್ಲಿ ಬಂದ ಈ ಏರ್ಪಾಡು ಇನ್ನೆಷ್ಟು ವರ್ಷ ಇರಬೇಕು ಎಂದು ಅಲ್ಲಿನವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ದರ ಏರಿಕೆಯ ಸುದ್ದಿ ಬಂದಾಗ "ಕಿ.ಮೀ.ಗೆ 2 ಪೈಸೆ" ಎಂದು ಓದಿರುತ್ತೀರಿ. 2025ರ ಜುಲೈ 1ರಿಂದ ಮೇಲ್ ಮತ್ತು ಎಕ್ಸ್‌ಪ್ರೆಸ್‌ಗಳ ನಾನ್ ಎಸಿಗೆ ಕಿ.ಮೀ.ಗೆ 1 ಪೈಸೆ, ಎಸಿಗೆ 2 ಪೈಸೆ ಏರಿಸಿದರು. ಅದು ಏರಿದ್ದು ಮೂಲ ದರಪಟ್ಟಿಯಲ್ಲಿ. ನಿಮ್ಮ 469 ಕಿ.ಮೀ.ಗೆ ಎಸಿಯಲ್ಲಿ 9 ರೂಪಾಯಿ 38 ಪೈಸೆ, ಸ್ಲೀಪರ್‌ನಲ್ಲಿ 4 ರೂಪಾಯಿ 69 ಪೈಸೆ. ರಿಸರ್ವೇಶನ್, ಸೂಪರ್‌ಫಾಸ್ಟ್ ಹಾಗೇ ಉಳಿದವು. ಜಿಎಸ್‌ಟಿ ದರವೂ ಶೇ 5ರಲ್ಲೇ ಉಳಿಯಿತು, ಆದರೆ ಕೂಡಿದ ಮೊತ್ತ ಏರಿದ್ದರಿಂದ ಅದರ ರೂಪಾಯಿ ಲೆಕ್ಕ ಚೂರು ಏರಿತು. ಇನ್ನು ಮುಂದೆ ಇಂಥ ಸುದ್ದಿ ಬಂದರೆ ಪೈಸೆಯನ್ನು ನಿಮ್ಮ ದೂರದಿಂದ ಗುಣಿಸಿ, ಎಸಿ ಆದರೆ 1.05ರಿಂದ ಇನ್ನೊಮ್ಮೆ ಗುಣಿಸಿ. ಟಿಕೆಟ್ ಎಷ್ಟು ಏರಬೇಕು ಎಂದು ಐದು ರೂಪಾಯಿ ಆಚೀಚೆಗೆ ಗೊತ್ತಾಗುತ್ತದೆ.

ನೀವು ತತ್ಕಾಲ್ ಬಗ್ಗೆ ಕೇಳಿಲ್ಲ, ಆದರೆ ಹಬ್ಬದ ಹಿಂದಿನ ದಿನ ಹುಬ್ಬಳ್ಳಿಗೆ ಹೋಗುವವರು ಅದಕ್ಕೆ ಕೈ ಹಾಕದೆ ಇರುವುದಿಲ್ಲ. ಅಲ್ಲಿ ಎರಡು ಕಡೆ ಪೆಟ್ಟು ಬೀಳುತ್ತದೆ. ಎದುರಿಗೆ ಕಾಣುವುದು ಒಂದೇ. ಥರ್ಡ್ ಎಸಿಗೆ ತತ್ಕಾಲ್ ಚಾರ್ಜ್ ಮೂಲ ದರದ ಶೇ 30, ಆದರೆ 300ಕ್ಕಿಂತ ಕಮ್ಮಿ ಇಲ್ಲ, 400ಕ್ಕಿಂತ ಜಾಸ್ತಿ ಇಲ್ಲ. ಮೂಲ ದರ 1000 ದಾಟದ ತನಕ ಶೇ 30 ಎನ್ನುವುದು ಹೆಸರಿಗೆ ಮಾತ್ರ, 300 ಕೊಡಲೇಬೇಕು. ಸ್ಲೀಪರ್‌ಗೆ ಇದೇ ಲೆಕ್ಕ 100ರಿಂದ 200ರ ನಡುವೆ. ಕಾಣದ ಪೆಟ್ಟು ಎಂದರೆ ತತ್ಕಾಲ್‌ಗೆ ಕನಿಷ್ಠ ದೂರವೇ ಬೇರೆ. ಥರ್ಡ್ ಎಸಿ ತತ್ಕಾಲ್‌ಗೆ ಅದು 500 ಕಿ.ಮೀ. ನಿಮ್ಮ ಹುಬ್ಬಳ್ಳಿ 469ರಲ್ಲೇ ನಿಂತರೂ ಮೂಲ ದರ 500ರ ಸಾಲಿನಿಂದ ಬರುತ್ತದೆ.

ಮೊದಲಿನ ಲೆಕ್ಕವನ್ನೇ ಮುಂದುವರಿಸೋಣ. 500 ಕಿ.ಮೀ.ಗೆ ಮೂಲ ದರ 753 ಎಂದಿಟ್ಟುಕೊಳ್ಳಿ. ಅದಕ್ಕೆ 40, 45, ತತ್ಕಾಲ್ 300 ಸೇರಿ 1138. ಜಿಎಸ್‌ಟಿ ಸೇರಿ 1194 ರೂಪಾಯಿ 90 ಪೈಸೆ, ಹೊಂದಿಸಿದರೆ 1195. ಮಾಮೂಲಿ ಟಿಕೆಟ್ 840 ಇತ್ತು. ವ್ಯತ್ಯಾಸ 355. ತತ್ಕಾಲ್ ಚಾರ್ಜ್ 300 ಎಂದು ಹೇಳಿ 355 ಯಾಕೆ ತೆಗೆದುಕೊಂಡರು ಎಂದರೆ, ಉಳಿದ 55 ಹುಟ್ಟಿದ್ದು ಹೀಗೆ. ನೀವು ಪ್ರಯಾಣವನ್ನೇ ಮಾಡದ 31 ಕಿ.ಮೀ.ಗೆ 38, ಮತ್ತೆ ಎಲ್ಲದರ ಮೇಲಿನ ತೆರಿಗೆ ಸುಮಾರು 17. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ನೀವಾಗಿಯೇ ರದ್ದು ಮಾಡಿದರೆ ಇದರಲ್ಲಿ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ ಎಂಬುದೂ ನೆನಪಿರಲಿ.

ಬೆಂಗಳೂರು ರಾಜಧಾನಿಯಂಥ ಗಾಡಿಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಬರ್ತ್ ಶೇ 10ರಷ್ಟು ಭರ್ತಿ ಆದಂತೆಲ್ಲ ಮೂಲ ದರ ಶೇ 10 ಏರುತ್ತದೆ, ಗರಿಷ್ಠ 1.4 ಪಟ್ಟು ತನಕ. ಆದರೆ ಹಿಗ್ಗುವುದು ಮೂಲ ದರ ಮಾತ್ರ. ರಿಸರ್ವೇಶನ್, ಸೂಪರ್‌ಫಾಸ್ಟ್ ಅಲ್ಲೂ ಕಟ್ಟಿಟ್ಟ ಮೊತ್ತವೇ, ಊಟದ ದುಡ್ಡು ಬೇರೆ ಸಾಲಿನಲ್ಲಿ ಬರುತ್ತದೆ. ಊಟ ಬೇಡ ಎಂದು ಬುಕ್ ಮಾಡುವಾಗಲೇ ಆರಿಸಿದರೆ ಆ ಸಾಲು ಹೋಗುತ್ತದೆ.

ತೆರಿಗೆಯಲ್ಲಿ ತಿಳಿಯಬೇಕಾದ್ದು ಜಾಸ್ತಿ ಇಲ್ಲ. ಎಸಿ ಮತ್ತು ಫಸ್ಟ್ ಕ್ಲಾಸ್‌ಗೆ ಮಾತ್ರ ಉಂಟು, ಸ್ಲೀಪರ್ ಮತ್ತು ಸೆಕೆಂಡ್ ಕ್ಲಾಸ್‌ಗೆ ಇಲ್ಲ. 2012ರ ಅಕ್ಟೋಬರ್‌ನಲ್ಲಿ ಸೇವಾ ತೆರಿಗೆ ಎಂದು ಶುರುವಾಯಿತು, 2017ರ ಜುಲೈಯಿಂದ ಜಿಎಸ್‌ಟಿ ಆಯಿತು.

ಆದರೆ ಈ ಜಿಎಸ್‌ಟಿಯಿಂದ ನಿಮಗೊಂದು ಅನುಕೂಲವೂ ಇದೆ. ನಿಮ್ಮ ಇ-ಟಿಕೆಟ್‌ನಲ್ಲಿ ಮೂಲ ದರ, ರಿಸರ್ವೇಶನ್ ಎಂದು ಬಿಡಿಸಿ ಬರೆದಿರುವುದಿಲ್ಲ, ಬರೀ `Ticket Fare` ಎಂದು ಒಂದೇ ಅಂಕಿ. ಎಸಿ ಟಿಕೆಟ್ ಆಗಿದ್ದರೆ ಕೆಳಗೆ ಜಿಎಸ್‌ಟಿ ವಿವರದಲ್ಲಿ `Taxable Value` ಎಂದು ಇನ್ನೊಂದು ಅಂಕಿ ಕಾಣುತ್ತದೆ. ಅದು ತೆರಿಗೆ ಕಳೆದ ಮೊತ್ತ. ಅದರಿಂದ ತಲೆಗೆ ಇಷ್ಟರಂತೆ ರಿಸರ್ವೇಶನ್ ಮತ್ತು ಸೂಪರ್‌ಫಾಸ್ಟ್ ಕಳೆದರೆ ಉಳಿದದ್ದು ಮೂಲ ದರ. ಆ ಅಂಕಿ ಕೈಯಲ್ಲಿ ಇಲ್ಲದಿದ್ದರೆ ದರವನ್ನು 1.05ರಿಂದ ಭಾಗಿಸಿ. ಮೇಲೆ ನಾವು ಮಾಡಿದ 795ನ್ನು ಭಾಗಿಸಿದರೆ 757 ಬರುತ್ತದೆ, 40 ಕಳೆದರೆ 717. ನಾವು ಹಿಡಿದದ್ದು 715. ಚಿಲ್ಲರೆ ಹೊಂದಿಸಿದ್ದರಿಂದ ಎರಡು ರೂಪಾಯಿ ಆಚೀಚೆ ಆಯಿತು, ಅಷ್ಟೇ. ಹೀಗೆ ಎರಡು ಗಾಡಿಯ ಟಿಕೆಟ್ ಬಿಡಿಸಿ ನೋಡಿ. ದಿನ, ದೂರ, ತರಗತಿ ಎಲ್ಲ ಒಂದೇ ಇದ್ದು ಮೂಲ ದರ ಹತ್ತಾರು ರೂಪಾಯಿ ಬೇರೆ ಬಂದರೆ, ಒಂದೋ ಆ ಗಾಡಿಗಳ ದಾರಿ ಬೇರೆ, ಇಲ್ಲವೇ ಒಂದು ತತ್ಕಾಲ್, ಇಲ್ಲವೇ ಅದು ಹಬ್ಬಕ್ಕೆಂದು ಬಿಟ್ಟ ವಿಶೇಷ ದರದ ಗಾಡಿ. ಹಬ್ಬದ ಗಾಡಿಗಳ ನಂಬರ್ 0ಯಿಂದ ಶುರುವಾಗುತ್ತದೆ, ನೋಡಿದರೆ ತಿಳಿಯುತ್ತದೆ.

ಬುಕ್ ಮಾಡುವ ಮುಂಚೆಯೇ ಬಿಡಿಸಿದ ಲೆಕ್ಕ ಬೇಕೆಂದರೆ ಐಆರ್‌ಸಿಟಿಸಿಯಲ್ಲಿ ಪ್ರಯಾಣಿಕರ ಹೆಸರು ತುಂಬುವ ಪುಟದಲ್ಲಿ ದರದ ವಿವರ ಒತ್ತಿ, ಸಾಲು ಸಾಲಾಗಿ ತೋರಿಸುತ್ತದೆ.

ಒಂದು ಬಾಕಿ. ನಿಮ್ಮ ಖಾತೆಯಿಂದ ಹೋದ ದುಡ್ಡಿಗೂ `Ticket Fare`ಗೂ ತಾಳೆ ಆಗುವುದಿಲ್ಲ. ಆನ್‌ಲೈನ್ ಬುಕಿಂಗ್‌ಗೆ ಐಆರ್‌ಸಿಟಿಸಿ ತನ್ನದೊಂದು ಶುಲ್ಕ ತೆಗೆದುಕೊಳ್ಳುತ್ತದೆ. ಯುಪಿಐನಲ್ಲಿ ಕೊಟ್ಟರೆ ನಾನ್ ಎಸಿಗೆ 10, ಎಸಿಗೆ 20. ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಆದರೆ 15 ಮತ್ತು 30. ಇದಕ್ಕೆ ಬೀಳುವ ಜಿಎಸ್‌ಟಿ ಶೇ 18, ಸ್ಲೀಪರ್ ಟಿಕೆಟ್ ಆದರೂ ತಪ್ಪುವುದಿಲ್ಲ. ವಿಮೆ ಬೇಕು ಎಂದು ಒತ್ತಿದ್ದರೆ ತಲೆಗೆ 45 ಪೈಸೆ. ಟಿಕೆಟ್ ರದ್ದು ಮಾಡಿದರೂ ಐಆರ್‌ಸಿಟಿಸಿಯ ಶುಲ್ಕ ವಾಪಸ್ ಬರುವುದಿಲ್ಲ. ಆದರೆ ಇದು ತಲೆಗೆ ಅಲ್ಲ, ಟಿಕೆಟ್‌ಗೆ. ಮನೆಯ ನಾಲ್ಕು ಜನ ಹೋಗುವಾಗ ಒಬ್ಬೊಬ್ಬರಿಗೆ ಒಂದೊಂದು ಟಿಕೆಟ್ ತೆಗೆಯದೆ ಒಂದೇ ಪಿಎನ್‌ಆರ್‌ನಲ್ಲಿ ತೆಗೆದರೆ ಈ ಶುಲ್ಕ ಒಂದೇ ಸಲ ಬೀಳುತ್ತದೆ.